ಯಂತ್ರಕ್ಕೆ ಬಾರದ ಅಕ್ಕಿ ರೊಟ್ಟಿ

ನಮ್ಮಪ್ಪ ಮೈಸೂರು ಬಿಟ್ಟು ಮುಂಬಯಿಗೆ ಬಂದಾಗ ತಂದ ಆಸ್ತಿ ಎಂದರೆ ಒಂದು ಬ್ಯಾಂಕ್ ನೌಕರಿ ಮತ್ತು ಒಂದಿಷ್ಟು ಹಟ. ನೌಕರಿ ಫೋರ್ಟಿನಲ್ಲಿ ನಡೆಯುತ್ತಿತ್ತು, ಹಟ ಭಾಂಡುಪಿನ ನಮ್ಮ ಮನೆಯಲ್ಲಿ. ಬುಧವಾರ ಮಧ್ಯಾಹ್ನ ಮಾತ್ರ ಎರಡೂ ಒಂದು ಕಡೆ ಸೇರುತ್ತಿದ್ದವು. ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲಿತ್ತು. ಅಪ್ಪ ಅದರ ಮಾಲೀಕರ ಬೆನ್ನು ಬಿದ್ದು, ಕಾಡಿ, ಬೇಡಿ, ಮುನಿಸಿಕೊಂಡು, ಕೊನೆಗೆ ಬುಧವಾರ ಒಂದು ದಿನ ಅಕ್ಕಿ ರೊಟ್ಟಿ ಮಾಡಿಸುವಂತೆ ಒಪ್ಪಿಸಿದ್ದರು.

ಮನೆಯಲ್ಲೇ ಮಾಡಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅಕ್ಕಿ ರೊಟ್ಟಿ ತಟ್ಟುತ್ತಿದ್ದವಳು ಅಮ್ಮ. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ತಿನ್ನಲು ಬಲ್ಲ ಇಬ್ಬರು. ನಾನು ಒಂದೆರಡು ಸಲ ತಟ್ಟಿ ನೋಡಿದೆ. ನಡುವೆ ತೂತು, ಅಂಚಿನಲ್ಲಿ ಹಸಿ. ಅಪ್ಪ ಮಾತಾಡದೆ ತಿಂದರು. ಅಪ್ಪ ಮಾತಾಡದೆ ತಿನ್ನುವುದೆಂದರೆ ತಟ್ಟೆ ಎತ್ತಿ ಎಸೆದಷ್ಟೇ ಅವಮಾನ. ಅಂದಿನಿಂದ ನಾನು ಅಕ್ಕಿ ಹಿಟ್ಟು ಮುಟ್ಟಲಿಲ್ಲ.

ಹೋಟೆಲಿನ ಅಡುಗೆ ಭಟ್ಟರಿಗೆ ಈ ಅಕ್ಕಿ ರೊಟ್ಟಿ ಕಂಡರೆ ಆಗುತ್ತಿರಲಿಲ್ಲ. ಅವರು ಉಡುಪಿಯ ಕಡೆಯವರು, ದೋಸೆ ಕಾವಲಿಯ ಮುಂದೆ ನಿಂತರೆ ಇನ್ನೊಬ್ಬರನ್ನು ಹತ್ತಿರ ಬಿಡದವರು. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಎಲೆಯ ಮೇಲೆ ರೊಟ್ಟಿ ತಟ್ಟಿ, ಕಾವಲಿಗೆ ಹಾಕಿ, ಎಲೆ ಬಿಡಿಸಿ, ಬೇಯುವ ತನಕ ಕಾಯುವುದೆಂದರೆ ಅವರಿಗೆ ಮೈಯೆಲ್ಲ ಉರಿ. "ಇದೊಂದು ಬೇಯುವಷ್ಟು ಹೊತ್ತಿಗೆ ಒಂದು ಸಾಲು ದೋಸೆ ತೆಗೀಬಹುದು. ಮೈಸೂರಿನವರಿಗೆ ಬೇರೆ ಕೆಲಸ ಇಲ್ವಾ?" ಎಂದು ಪ್ರತಿ ಬುಧವಾರವೂ ಒಳಗಿನಿಂದ ಕೇಳುತ್ತಿತ್ತು. ಅಪ್ಪನಿಗೆ ಆ ಗೊಣಗು ಚಟ್ನಿಯ ಜೊತೆ ಸೇರಿ ಬರುವ ರುಚಿ.

ಆ ಹೋಟೆಲಿನ ಪದ್ಧತಿಯೊಂದನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಮುಂದೆ ನಾನು ಅದರ ಮೇಲೇ ಜಾರಿ ಬಿದ್ದೆ, ಅದನ್ನೇ ಹಿಡಿದು ಎದ್ದೆ. ಅಡುಗೆಮನೆ ಹಿಂದುಗಡೆ, ನಡುವೆ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಬಡಿಸುವವರು ಕಿಂಡಿಗೆ ಬಾಯಿಟ್ಟು "ಭಟ್ರೇ, ಎರಡು ಮಸಾಲೆ ದೋಸೆ!" ಎಂದು ಕೂಗಬೇಕು. ಒಳಗಿನಿಂದ ಭಟ್ಟರು "ಹ್ಞಾಂ" ಎನ್ನಬೇಕು. ಆ "ಹ್ಞಾಂ" ಬಿದ್ದಿತೋ, ಮುಗಿಯಿತು. ಗಿರಾಕಿ ಎದ್ದು ಹೋದರೂ, ಭೂಮಿ ಬಾಯಿ ಬಿಟ್ಟರೂ, ಒಪ್ಪಿಕೊಂಡ ತಿಂಡಿ ಮಾಡಿಯೇ ತೀರುವುದು. ಒಮ್ಮೆ ಕೋರ್ಟಿನ ಕಡೆಯ ಯಾರೋ ಉಪ್ಪಿಟ್ಟು ಹೇಳಿ, ಕೇಸು ಕರೆದರೆಂದು ಓಡಿಹೋದರು. ಬೇಡವೆಂದು ಕಿಂಡಿಯಲ್ಲಿ ಹೇಳಿದರೂ ಉಪ್ಪಿಟ್ಟು ಬಂದೇ ಬಂತು. "ಹ್ಞಾಂ ಅಂದಾಗಿದೆ" ಎಂದರು ಭಟ್ಟರು. ಮಾಲೀಕರು ಗಲ್ಲಾದ ಮೇಲೆ ಕೂತು ತಾವೇ ತಿಂದರು.

ನಾನಾಗ ವಿಕ್ರೋಳಿಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರ್. ಕಂಪನಿ ಎಂದರೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗಾಳಾ ಎಂದು ಕರೆಯುವ ಎರಡು ಕೋಣೆ, ಒಂದು ಕಿರಿಚುವ ಫ್ಯಾನು ಮತ್ತು ಒಬ್ಬ ಮರಾಠಿ ಬಾಸ್. ನಾವು ಮಾಡುತ್ತಿದ್ದದ್ದು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ಅಂಕಿ ತೋರಿಸುವ ಬೋರ್ಡು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಬಾಸ್ ಯಾವುದೋ ಪ್ರದರ್ಶನಕ್ಕೆ ದಿಲ್ಲಿಗೆ ಹೋಗಿ, ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಲಿಪಿಗಳು ಮೂಡುವುದನ್ನು ನೋಡಿ ಬಂದರು. ಬಂದವರಿಗೆ ನಿದ್ದೆಯಿಲ್ಲ. "ಇಂಗ್ಲಿಷ್ ಬಾರದ ಜನ ಎಷ್ಟಿದ್ದಾರೆ ಗೊತ್ತಾ? ಅವರಿಗೆ ಅವರ ಭಾಷೆಯಲ್ಲಿ ಕೆಲಸಕ್ಕೆ ಬರುವ ಯಂತ್ರ ಬೇಕು. ಐಡಿಯಾ ಕೊಡಿ, ಐಡಿಯಾ!" ಎಂದು ಮೇಜು ಗುದ್ದಿದರು.

ಐಡಿಯಾಗಳಿಗೇನು ಬರ! ನಮ್ಮ ಬೋರ್ಡುಗಳ ನಕ್ಷೆ ಬರೆಯುತ್ತಿದ್ದ ತಮಿಳು ಗೆಳತಿ, ಸ್ಟೇಷನ್ನಿನ ತೂಕದ ಯಂತ್ರ ತೂಕದ ಜೊತೆ ಭವಿಷ್ಯವನ್ನೂ ತಮಿಳಿನಲ್ಲಿ ಹೇಳಬೇಕೆಂದಳು. ಬಾಸ್‌ಗೆ ಇನ್ನೂ ದೊಡ್ಡ ಆಸೆ. ಯಾವ ಭಾಷೆಯ ಯಾವ ಬರಹ ಕೊಟ್ಟರೂ ಗಟ್ಟಿಯಾಗಿ ಓದುವ ಯಂತ್ರ! ಅಕ್ಷರ ನೋಡಿ ಧ್ವನಿ ಹುಟ್ಟಿಸಬೇಕಾದರೆ ಬಾಯಿ, ಗಂಟಲು, ಮೂಗು ಮಾಡುವ ಕೆಲಸವನ್ನೆಲ್ಲ ಲೆಕ್ಕವಾಗಿ ಬರೆಯಬೇಕು, ದೊಡ್ಡ ಸಂಶೋಧನಾಲಯದವರೇ ಅದರ ಜೊತೆ ಕುಸ್ತಿ ಆಡುತ್ತಿದ್ದಾರೆ, ನಮ್ಮ ತಕ್ಕಡಿಯ ಎಲೆಕ್ಟ್ರಾನಿಕ್ ಚಿಪ್ಪಿನಿಂದ ಆಗದು ಎಂದು ನಾನು ಹೇಳಿದೆ. "ನಮಗೆ ಆಗುವುದು ಇಷ್ಟು. ಬೇಕಾದ ಕೆಲವು ಮಾತುಗಳನ್ನು ಮೊದಲೇ ಮನುಷ್ಯರಿಂದ ಆಡಿಸಿ, ಅಂಕಿಗಳಾಗಿ ಮಾಡಿ ಚಿಪ್ಪಿನಲ್ಲಿ ತುಂಬಿಡುವುದು. ಗುಂಡಿ ಒತ್ತಿದಾಗ ಬೇಕಾದ ಮಾತುಗಳನ್ನು ಜೋಡಿಸಿ ಆಡಿಸುವುದು. ಎರಡು ಎಂಬುದೊಂದು ಕಡೆ, ಇಡ್ಲಿ ಎಂಬುದೊಂದು ಕಡೆ."

ಇಡ್ಲಿ ಎಂಬ ಮಾತು ಬಾಯಿಗೆ ಬಂದದ್ದೇ ತಡ, ನನಗೆ ಅಪ್ಪನ ಹೋಟೆಲಿನ ಕಿಂಡಿ ನೆನಪಾಯಿತು. ಊಟದ ಹೊತ್ತಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಿ, ಯಾರ ಕೂಗು ಯಾರಿಗೂ ತಿಳಿಯದೆ, ದೋಸೆ ಹೇಳಿದವರಿಗೆ ವಡೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಳಗಿನವರಿಗೆ ಚೀಟಿ ಬರೆದು ಕೊಟ್ಟರೆ ಓದುವ ಪುರುಸೊತ್ತಿಲ್ಲ, ಇಂಗ್ಲಿಷ್ ಅಂತೂ ಬೇಡವೇ ಬೇಡ. ಹೊರಗೆ ಗುಂಡಿ ಒತ್ತಿದರೆ ಒಳಗೆ ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿಸಬೇಕು, ಒಂದು ಮುಗಿದ ಮೇಲೆ ಇನ್ನೊಂದು. ಹೇಳಿದೆ.

ಬಾಸ್ ಮೂಗು ಮುರಿದರು. "ಬಂಬಯಿಯಲ್ಲಿ ಹಿಂದಿ ಎಲ್ಲರಿಗೂ ಸಮಝ್ತಾ ಹೈ. ಮಾತು ಯಾಕೆ? ಒಂದೊಂದು ತಿಂಡಿಗೆ ಒಂದೊಂದು ಕೆಂಪು ದೀಪ, ಕೆಳಗೆ ಹಿಂದಿಯಲ್ಲಿ ಹೆಸರು. ಬಸ್."

ನನಗೆ ಸಿಟ್ಟು ಬಂದರೆ ನಾಲಿಗೆ ಮುಂದೆ, ಬುದ್ಧಿ ಹಿಂದೆ. "ನಿಮ್ಮ ಮನೆಯಲ್ಲಿ ನಿಮ್ಮ ತಾಯಿ ಊಟಕ್ಕೆ ಕರೆಯುವಾಗ ದೀಪ ಹಾಕುತ್ತಾರಾ?" ಎಂದುಬಿಟ್ಟೆ. ಎಲ್ಲರೂ ಫ್ಯಾನು ನೋಡತೊಡಗಿದರು. ಬಾಸ್ ನಕ್ಕರು. ಆ ನಗೆಯಲ್ಲೇ ಷರತ್ತೂ ಬಂತು. ಆ ಹೋಟೆಲಿನಲ್ಲಿ ಒಂದು ವಾರದ ಪರೀಕ್ಷೆ. ಸೋಮವಾರದಿಂದ ಶನಿವಾರದ ತನಕ ಎಲ್ಲ ತಿಂಡಿಯನ್ನೂ ಯಂತ್ರವೇ ಹೇಳಬೇಕು, ಬಾಯಲ್ಲಿ ಯಾರೂ ಕೂಗಕೂಡದು. ನಡೆದರೆ ಕನ್ನಡ, ಅದರ ಹಿಂದೆ ಮರಾಠಿ, ತಮಿಳು, ಗುಜರಾತಿ ಎಲ್ಲವೂ ಮಾತಾಡುತ್ತವೆ. ನಡೆಯದಿದ್ದರೆ ಕೆಂಪು ದೀಪ, ಮತ್ತು ನಾನು ವಾಪಸ್ ತಕ್ಕಡಿಗೆ. ಭಾಷೆಯ ಸುದ್ದಿ ಇನ್ನೊಮ್ಮೆ ಎತ್ತುವಂತಿಲ್ಲ.

ಗಾಳಾದಲ್ಲಿ ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ ಯಂತ್ರದ ಕಂಠವೂ ನನ್ನದೇ ಆಯಿತು. ಸಾಮಾನಿನ ಕೋಣೆಯ ಗೋಡೆಗೆ ಹಳೆಯ ಕೌದಿಗಳನ್ನು ನೇತುಹಾಕಿ, ಲೋಕಲ್ ರೈಲುಗಾಡಿ ಹಾದುಹೋಗುವ ತನಕ ಕಾದು, ಮುಂದಿನದು ಬರುವುದರೊಳಗೆ ಒಂದೊಂದು ಮಾತು ಹೇಳುತ್ತಿದ್ದೆ. ಮೊದಮೊದಲು ಪದಗಳನ್ನು ಮಗ್ಗಿ ಒಪ್ಪಿಸುವಂತೆ ಹೇಳಿದೆ. ಜೋಡಿಸಿ ಕೇಳಿದರೆ "ಎರಡು." ಎಂದು ಮಾತು ಮುಗಿಸಿ, ಉಸಿರು ಬಿಟ್ಟು, ಏನೋ ನೆನಪಾದವಳಂತೆ "ಇಡ್ಲಿ" ಎನ್ನುತ್ತಿತ್ತು. ಅಂಕಿ ಹೇಳುವಾಗ ಮುಂದೆ ಇನ್ನೂ ಮಾತಿದೆ ಎನ್ನುವಂತೆ ದನಿಯನ್ನು ಮೇಲೆ ಬಿಡಬೇಕು, ತಿಂಡಿಯ ಹೆಸರಿಗೆ ಬಂದಾಗ ಕೆಳಗಿಳಿಸಬೇಕು ಎಂಬುದು ಆಮೇಲೆ ಹೊಳೆಯಿತು. ಆಗಲೂ ಯಂತ್ರದ ಮಾತು ಸಹಜವಾಗಲಿಲ್ಲ. ಪದಪದಕ್ಕೂ ನಡುವೆ ಒಂದು ಸಣ್ಣ ತಡೆ, ಇಡೀ ದನಿಗೆ ಡಬ್ಬಿಯೊಳಗಿನ ಟೊಳ್ಳು. ಶಾಲೆಯ ಇನ್‌ಸ್ಪೆಕ್ಟರ್ ಹೋಟೆಲಿಗೆ ಬಂದು ತಿಂಡಿ ಹೇಳಿದಂತೆ ಇತ್ತು.

ಚಿಪ್ಪಿನಲ್ಲಿ ಜಾಗ ಬಹಳ ಕಡಿಮೆ. ಅರ್ಧ ಸೆಕೆಂಡಿನ ಮಾತಿಗೂ ಅಷ್ಟೊಂದು ಅಂಕಿ ಬೇಕು. ತಮಿಳು ಗೆಳತಿ ಜಿಪುಣಿ ಗೃಹಿಣಿಯಂತೆ ಲೆಕ್ಕ ಹಾಕಿದಳು. "ದೋಸೆ" ಎಂಬುದನ್ನು ಒಂದೇ ಸಲ ತುಂಬಿ, "ಸಾದಾ", "ಮಸಾಲೆ", "ರವಾ" ಎಂಬುವುಗಳನ್ನು ಅದರ ಮುಂಚೆ ಬೇಕಾದಂತೆ ಜೋಡಿಸಿದಳು. ಪದದ ಹಿಂದುಮುಂದಿನ ಉಸಿರನ್ನೆಲ್ಲ ಕತ್ತರಿಸಿದಳು. "ಅಕ್ಕಿ", "ರೊಟ್ಟಿ" ಎನ್ನುವಾಗ ಒತ್ತಕ್ಷರದ ಮೊದಲು ನಾಲಿಗೆ ಒಂದು ಕ್ಷಣ ಸುಮ್ಮನಿರುತ್ತದಲ್ಲ, ಆ ಮೌನವನ್ನೂ ತುಂಬದೆ, ಇಷ್ಟು ಹೊತ್ತು ಸುಮ್ಮನಿರು ಎಂಬ ಒಂದು ಗುರುತಷ್ಟೇ ಇಟ್ಟಳು. ಇಷ್ಟು ಮಾಡಿದ ಮೇಲೆ ಬೋರ್ಡಿನ ಎಲ್ಲ ಚಿಪ್ಪುಗಳೂ ಭರ್ತಿಯಾಗಿ, ಹೋಟೆಲಿನ ಅಷ್ಟೂ ತಿಂಡಿ ಅದರಲ್ಲಿ ಕೂತವು. ಅಪ್ಪನಿಗೆ ಹೇಳಿದೆ, "ಅಪ್ಪ, ಬುಧವಾರ ನಿನ್ನ ರೊಟ್ಟೀನ ನಾನೇ ಕೂಗ್ತೀನಿ."

"ಕೂಗು ನೋಡಣ. ಭಟ್ಟರು ಬೈದ್ರೆ ಬೈಗುಳಾನೂ ರೆಕಾರ್ಡ್ ಮಾಡ್ಕೊಂಡು ಬಾ" ಎಂದರು ಅಪ್ಪ.

ಸೋಮವಾರ ಯಂತ್ರ ಹೊತ್ತು ಹೋದೆವು. ಹೊರಗೆ ಕಿಂಡಿಯ ಪಕ್ಕ ಗುಂಡಿಗಳ ಹಲಗೆ, ಗುಂಡಿಗಳ ಮೇಲೆ ಕನ್ನಡದಲ್ಲಿ ಹೆಸರಿನ ಪಟ್ಟಿ. ಒಳಗೆ ಕಿಂಡಿಯ ತಲೆಯ ಮೇಲೆ ಸ್ಪೀಕರ್. ಮಾಲೀಕರು ಊದುಬತ್ತಿ ಹಚ್ಚಿ, ಹುಡುಗರನ್ನೆಲ್ಲ ಕರೆದು, "ಇನ್ನು ಬಾಯಿ ಹಾಕ್ಲಿಕ್ಕಿಲ್ಲ. ಮೆಷಿನ್ ಹೇಳಿದ್ದು ಮಾತ್ರ ಮಾಡುದು, ಮೆಷಿನ್ ಹೇಳದ್ದು ಮಾಡ್ಲಿಕ್ಕಿಲ್ಲ" ಎಂದು ಕಟ್ಟಪ್ಪಣೆ ಮಾಡಿದರು. ಬಾಸ್ ಒಂದು ಮೂಲೆಯ ಮೇಜಿನಲ್ಲಿ ಕಾಫಿ ಹಿಡಿದು ಕೂತರು. ಬಡಿಸುವವನೊಬ್ಬ ಗುಂಡಿ ಒತ್ತಿದ.

"ಎರಡು — ಇಡ್ಲಿ" ಎಂದಿತು ನನ್ನ ದನಿ.

ಒಳಗಿನಿಂದ ಉತ್ತರವಿಲ್ಲ. ಇಡ್ಲಿಯೂ ಇಲ್ಲ.

"ಒಂದು — ಮಸಾಲೆ — ದೋಸೆ." ಇಲ್ಲ. "ಮೂರು — ವಡೆ." ಇಲ್ಲ. ನನ್ನ ದನಿ ಪಾಪ ಒಂದೇ ಸಮನೆ ತಿಂಡಿ ಕೇಳುತ್ತಲೇ ಇತ್ತು, ಯಾರೂ ಕೊಡುತ್ತಿರಲಿಲ್ಲ. ಹೊರಗೆ ಬ್ಯಾಂಕಿನವರು ಗಡಿಯಾರ ನೋಡತೊಡಗಿದರು. ಬಾಸ್ ನನ್ನನ್ನು ನೋಡತೊಡಗಿದರು. ನಾನು ಸೀದಾ ಒಳಗೆ ನುಗ್ಗಿದೆ. ಭಟ್ಟರು ಕಾವಲಿಯ ಮುಂದೆ ಕೈಕಟ್ಟಿ ನಿಂತಿದ್ದರು.

"ಭಟ್ರೇ, ಕೇಳಿಸ್ತಿಲ್ವಾ?"

"ಕೇಳ್ತಾ ಉಂಟು. ಒಳ್ಳೆ ಸ್ಪಷ್ಟ ಉಂಟು."

"ಮತ್ತೆ ಯಾಕೆ ಮಾಡ್ತಿಲ್ಲ?"

"ಅದು ಯಾರಿಗೆ ಹೇಳಿದ್ದು?"

"ನಿಮಗೇ!"

"ನನಗೆ ಹೇಳಿದ್ದಾದ್ರೆ ಭಟ್ರೇ ಅಂತ ಕರೀಬೇಕಲ್ಲ? ರೇಡಿಯೋದಲ್ಲಿ ದಿನಾ ಎಷ್ಟು ಮಾತು ಬರ್ತದೆ. ಎಲ್ಲದಕ್ಕೂ ನಾನು ಹ್ಞಾಂ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ? ಮೂವತ್ತು ವರ್ಷದಿಂದ ಕರೆದವರಿಗೆ ಹ್ಞಾಂ ಅಂದಿದ್ದೇನೆ. ಕರೆಯದೆ ಎರಡು ಇಡ್ಲಿ, ಮೂರು ವಡೆ ಅಂತ ಗೋಡೆಗೆ ಹೇಳಿದ್ರೆ ಗೋಡೆಯೇ ಮಾಡ್ಲಿ."

ನನ್ನ ತಲೆ ಕೆಟ್ಟಿತು. ಇಡೀ ಅಡುಗೆಮನೆಯಲ್ಲಿ ದೋಸೆ ಹಾಕುವವರು ಇವರೊಬ್ಬರೇ, ಇನ್ನು ಯಾರಿಗೆ ಹೇಳಿಯಾರು! ಆದರೆ ಭಟ್ಟರ ಕೈ ಎದೆಯ ಮೇಲಿಂದ ಇಳಿಯಲಿಲ್ಲ. ಬಡಿಸುವವರು ಮೊದಲು ಬಾಯಲ್ಲಿ "ಭಟ್ರೇ" ಎಂದು ಕೂಗಿ ಆಮೇಲೆ ಗುಂಡಿ ಒತ್ತಲಿ ಎಂದು ಮಾಲೀಕರು ಸಂಧಾನ ಹೂಡಿದರು. "ಕೂಗುವುದಾದರೆ ಪೂರ್ತಿ ಕೂಗಲಿ, ಯಂತ್ರ ಯಾಕೆ?" ಎಂದರು ಬಾಸ್. ಅದೂ ಸರಿಯೇ. ಯಂತ್ರವೇ "ಭಟ್ರೇ" ಎನ್ನಬೇಕು. ನಾಳೆಯೊಳಗೆ ಹಾಕಿ ತರುತ್ತೇನೆಂದೆ. ಬಾಸ್ ಒಂದು ದಿನ ಮಾಫಿ ಕೊಟ್ಟರು.

ಹಾಕುವುದೆಲ್ಲಿಗೆ? ಚಿಪ್ಪಿನಲ್ಲಿ ಸಾಸಿವೆ ಕಾಳಿಗೂ ಜಾಗವಿರಲಿಲ್ಲ. ಇನ್ನೊಂದು ಚಿಪ್ಪು ಕೂರಿಸಬೇಕಾದರೆ ಬೋರ್ಡನ್ನೇ ಹೊಸದಾಗಿ ಮಾಡಿಸಬೇಕು, ಅದಕ್ಕೆ ವಾರಗಳು ಬೇಕು. ದನಿಯನ್ನು ಇನ್ನೂ ಹಿಂಡಿ ಚಿಕ್ಕದು ಮಾಡಿದರೆ ವಡೆಯೂ ಇಡ್ಲಿಯೂ ಒಂದೇ ಗೊರಗೊರ ಆಗುತ್ತಿತ್ತು. ಒಂದು ಮಾತು ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು. ಅಲ್ಲೇ ಹೋಟೆಲಿನ ಮೇಜಿನ ಸುತ್ತ ಸಭೆ ಕೂತಿತು.

"ಟೊಮೇಟೊ ಆಮ್ಲೆಟ್ ತೆಗೆಯೋಣ" ಎಂದೆ. ಮೊಟ್ಟೆಯಿಲ್ಲದ ಆ ಆಮ್ಲೆಟ್ ಮೇಲೆ ನನಗೆ ಮೊದಲಿಂದಲೂ ಅನುಮಾನ.

"ಬೇಡ ಬೇಡ! ಕಾಲೇಜು ಮಕ್ಕಳೆಲ್ಲ ತಿನ್ನುದು ಅದನ್ನೇ" ಎಂದರು ಮಾಲೀಕರು.

"ರವಾ?"

"ರವಾ ತೆಗೆದ್ರೆ ಗುಜರಾತಿ ಗಿರಾಕಿಗಳು ಹೋಗ್ತಾರೆ."

ಆಗ ಕಿಂಡಿಯೊಳಗಿನಿಂದ ಭಟ್ಟರ ಮುಖ ಮೂಡಿತು. ಎಷ್ಟು ಸಾಧುವಾದ ಮುಖವೆಂದರೆ ಅಲ್ಲೇ ಹೂ ಮುಡಿಸಬಹುದಿತ್ತು. "ನಾನು ಹೇಳಬಾರದು. ಆದ್ರೆ ವಾರಕ್ಕೆ ಒಂದೇ ದಿನ ಬರುವ ಮಾತು ಒಂದು ಉಂಟಲ್ಲ? ಬೇರೆ ಯಾವ ತಿಂಡಿಗೂ ಜೋಡಿಸ್ಲಿಕ್ಕೆ ಆಗದ್ದು? ದೋಸೆ ಆದ್ರೆ ಹತ್ತು ಕಡೆಗೆ ಬೇಕು. ರೊಟ್ಟಿ ಯಾರಿಗೆ ಬೇಕು?"

ನನ್ನ ಗೆಳತಿ ಲೆಕ್ಕ ನೋಡಿ ತಲೆಯಾಡಿಸಿದಳು. ಸರಿಯಾಗಿಯೇ ಇತ್ತು. "ಅಕ್ಕಿ ರೊಟ್ಟಿ" ಉದ್ದ, ಒಂಟಿ, ಅಪರೂಪ. ಅದನ್ನು ತೆಗೆದರೆ "ಭಟ್ರೇ" ಆರಾಮವಾಗಿ ಕಾಲು ಚಾಚಿ ಕೂರುತ್ತಿತ್ತು. ಬಾಸ್ "ಪರ್ಫೆಕ್ಟ್" ಎಂದರು. ನಾನು ಭಟ್ಟರನ್ನು ನೋಡಿದೆ. ಅವರು ಮೇಲೆ ಸ್ಪೀಕರಿನ ಕಡೆ ನೋಡುತ್ತಿದ್ದರು. ಕರೆಯದೆ ಮಾಡುವುದಿಲ್ಲ ಎಂದು ಕೈಕಟ್ಟಿದ್ದು ಮರ್ಯಾದೆಗೋ, ರೊಟ್ಟಿಯ ಕಾಟ ತಪ್ಪಿಸಿಕೊಳ್ಳಲೋ, ನನಗೆ ಇಂದಿಗೂ ಬಗೆಹರಿದಿಲ್ಲ. ಚಿಪ್ಪಿನ ಜಾಗದ ಸಂಗತಿಯನ್ನು ಬೆಳಗ್ಗೆ ಅವರ ಮುಂದೆಯೇ ನಾನು ದೊಡ್ಡದಾಗಿ ಕೊಚ್ಚಿಕೊಂಡಿದ್ದೆ.

ಆ ಚಿಪ್ಪುಗಳಲ್ಲಿ ಒಂದೇ ಮಾತನ್ನು ಅಳಿಸಲು ಬರುತ್ತಿರಲಿಲ್ಲ. ಚಿಪ್ಪಿನ ಮೇಲಿನ ಪುಟ್ಟ ಗಾಜಿನ ಕಿಟಕಿಗೆ ಅಂಟಿಸಿದ ಕಾಗದ ಕಿತ್ತು, ನೇರಳಾತೀತ ಬೆಳಕು ಬೀರುವ ದೀಪದ ಪೆಟ್ಟಿಗೆಯಲ್ಲಿಟ್ಟರೆ ಇಡೀ ಚಿಪ್ಪು ಖಾಲಿ. ಆಮೇಲೆ ಎಲ್ಲವನ್ನೂ ಹೊಸದಾಗಿ ತುಂಬಬೇಕು. ಪೆಟ್ಟಿಗೆಯ ಮುಚ್ಚಳ ಹಾಕುವಾಗ ನನಗೆ ನಿಜವಾಗಿ ಸಂಕಟವಾಯಿತು. ಅಮ್ಮನ ರೊಟ್ಟಿ ಹೋಯಿತು, ಈಗ ಅದರ ಹೆಸರನ್ನೂ ನಾನೇ ಅಳಿಸುತ್ತಿದ್ದೇನೆ ಅನ್ನಿಸಿತು. ಆಮೇಲೆ ಸಾಮಾನಿನ ಕೋಣೆಗೆ ಹೋಗಿ, ಗಾಡಿ ಹೋಗುವ ತನಕ ಕಾದು, ಹಲ್ಲು ಕಚ್ಚಿಕೊಂಡು "ಭಟ್ರೇ" ಎಂದೆ. "ಇದರಲ್ಲಿ ಸಿಟ್ಟು ಕೇಳಿಸ್ತಿದೆ, ಇನ್ನೊಂದು ಸಲ" ಎಂದಳು ಗೆಳತಿ. ನಾಲ್ಕನೆಯ ಸಲಕ್ಕೆ ಸ್ವಲ್ಪ ಜೇನು ಬಂತು.

ಮಂಗಳವಾರ ಗುಂಡಿ ಒತ್ತಿದರು. "ಭಟ್ರೇ — ಎರಡು — ಇಡ್ಲಿ."

"ಹ್ಞಾಂ!" ಎಂದಿತು ಒಳಗಿನಿಂದ. ಇಡೀ ಹೋಟೆಲು ಚಪ್ಪಾಳೆ ತಟ್ಟಿತು. ಆಮೇಲೆ ಯಂತ್ರ ಒಂದು ಸಲವೂ ತಪ್ಪಲಿಲ್ಲ. ಯಾರೂ ಕೂಗಲಿಲ್ಲ, ದೋಸೆ ಹೇಳಿದವರಿಗೆ ದೋಸೆಯೇ ಬಂತು. ಒಳಗಿನವರು ಹೆಣ್ಣುದನಿಯ ಮುಂದೆ ಬೈಯುವುದನ್ನೇ ನಿಲ್ಲಿಸಿದರೆಂದೂ, ಒಬ್ಬ ಪಾತ್ರೆ ತೊಳೆಯುವವನು ಯಂತ್ರಕ್ಕೆ "ಅಕ್ಕ, ಸ್ವಲ್ಪ ನಿಧಾನ" ಎಂದನೆಂದೂ ಮಾಲೀಕರು ಸುದ್ದಿ ಹೇಳಿದರು. ನನ್ನ ದನಿಗೆ ಸಿಕ್ಕ ಈ ಮರ್ಯಾದೆ ಗಾಳಾದಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ.

ಬುಧವಾರ ಅಪ್ಪ ಬಂದರು. ಮೂಲೆಯಲ್ಲಿ ಬಾಸ್ ಕೂತಿದ್ದರು. ನಾನು ಅಪ್ಪನಿಗೆ ಕಣ್ಣು ಕೊಡದೆ ಹಲಗೆಯ ಸ್ಕ್ರೂ ಬಿಗಿಮಾಡುತ್ತ ನಿಂತೆ.

"ಎರಡು ಅಕ್ಕಿ ರೊಟ್ಟಿ" ಎಂದರು ಅಪ್ಪ.

"ಅದು ಇಲ್ಲ ಸಾಹೇಬ್ರೆ. ಮೆಷಿನ್‌ಗೆ ಬರುದಿಲ್ಲ" ಎಂದ ಬಡಿಸುವವನು.

ಅಪ್ಪ ನನ್ನ ಬೆನ್ನನ್ನು ನೋಡಿ ಸಾದಾ ದೋಸೆ ಹೇಳಿದರು. ಮಾತಾಡದೆ ತಿಂದರು. ಸಂಜೆ ಭಾಂಡುಪಿನಲ್ಲಿ ಚಪ್ಪಲಿ ಬಿಡುವಾಗ ಒಂದೇ ಮಾತು. "ಅಲ್ಲ ಕಣೇ, ಎರಡು ದಿನ ಮುಂಚೆ ಹುಟ್ಟಿದ ನಿನ್ನ ಮೆಷಿನ್ನು ಭಟ್ಟರಿಗೆ ಬಹುವಚನ ಹಾಕೋದು ಕಲೀತು. ನಿನ್ನ ಹೆತ್ತ ತಾಯಿ ಮಾಡ್ತಿದ್ದ ರೊಟ್ಟಿ ಮರೀತು."

ನನಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಆ ವಾರ ನಾನು ತುಟಿ ಬಿಚ್ಚುವಂತಿರಲಿಲ್ಲ. ಬಾಯಲ್ಲಿ ಯಾರೂ ಕೂಗಕೂಡದೆಂಬ ಷರತ್ತು ನನ್ನ ಯಂತ್ರದ ಪರೀಕ್ಷೆಯದೇ. ಅದನ್ನು ನಾನೇ ಮುರಿದರೆ ಕೆಂಪು ದೀಪ ಉರಿಯುತ್ತಿತ್ತು. ಶನಿವಾರ ಬಂತು. ಬಾಸ್ ಮಾಲೀಕರ ಕೈಕುಲುಕಿ, "ಕನ್ನಡ ಪಾಸ್. ಮುಂದಿನದು ಮರಾಠಿ" ಎಂದರು. ನಾನು ಗೆದ್ದೆ. ಭಟ್ಟರೂ ಗೆದ್ದರು. ಸೋತವರು ಅಪ್ಪ ಒಬ್ಬರೇ.

ಮುಂದಿನ ಬುಧವಾರ ಬಾಸ್‌ಗೆ ಯಂತ್ರದ ಮೇಂಟೆನನ್ಸ್ ಇದೆ ಎಂದು ಹೇಳಿ ವಿಕ್ರೋಳಿಯಿಂದ ಗಾಡಿ ಹತ್ತಿದೆ. ಅಪ್ಪ ತಮ್ಮ ಮೇಜಿನಲ್ಲಿ ಆಗಲೇ ಮೋರೆ ದಪ್ಪ ಮಾಡಿಕೊಂಡು ಕೂತಿದ್ದರು. ಊಟದ ಹೊತ್ತಿನ ಗದ್ದಲ ತುಂಬಿತ್ತು. ಯಂತ್ರ ಎಡೆಬಿಡದೆ "ಭಟ್ರೇ", ಭಟ್ಟರು ಎಡೆಬಿಡದೆ "ಹ್ಞಾಂ". ನಾನು ಅಪ್ಪನ ಮೇಜಿನ ಮೇಲಿದ್ದ ಸ್ಟೀಲಿನ ಲೋಟದ ನೀರನ್ನು ಕುಡಿದು, ಖಾಲಿ ಲೋಟ ಹಿಡಿದು ಕಿಂಡಿಯ ಪಕ್ಕಕ್ಕೆ ಹೋದೆ. ಬಡಿಸುವವನ ಕೈ ಗುಂಡಿಯ ಮೇಲಿತ್ತು. ಸ್ವಲ್ಪ ತಡೆ ಎಂದು ಸನ್ನೆ ಮಾಡಿದೆ. ಲೋಟವನ್ನು ಬಾಯಿಗೆ ಹಿಡಿದು, ಅದರ ತಳವನ್ನು ಕಿಂಡಿಯ ಮೇಲ್ಭಾಗದ ಕಡೆ ತಿರುಗಿಸಿ, ನನ್ನ ಯಂತ್ರ ನನ್ನನ್ನು ಅಣಕಿಸುವ ಹಾಗೆಯೇ ನಾನು ನನ್ನ ಯಂತ್ರವನ್ನು ಅಣಕಿಸಿದೆ. ಅದೇ ಟೊಳ್ಳು, ಅದೇ ತಡೆ, "ಭಟ್ರೇ" ಎನ್ನುವಲ್ಲಿ ಅದೇ ನಾಲ್ಕನೆಯ ಸಲದ ಜೇನು.

"ಭಟ್ರೇ — ಎರಡು — ಅಕ್ಕಿ — ರೊಟ್ಟಿ."

"ಹ್ಞಾಂ!" ಎಂದರು ಭಟ್ಟರು.

ಎಂದಾದ ಮೇಲೆ ಅವರ ಕೈಯ ಸಟ್ಟುಗ ಗಾಳಿಯಲ್ಲೇ ನಿಂತಿತು. ಒಳಗೆ ಯಾರೋ ಕಿಸಕ್ಕೆಂದರು. ಪಾತ್ರೆ ತೊಳೆಯುವವನು ನಲ್ಲಿ ನಿಲ್ಲಿಸಿದ. ಭಟ್ಟರು ನಿಧಾನವಾಗಿ ತಿರುಗಿ ಮೊದಲು ಸ್ಪೀಕರನ್ನು, ಆಮೇಲೆ ಕಿಂಡಿಯಲ್ಲಿದ್ದ ಲೋಟವನ್ನು, ಕೊನೆಗೆ ಲೋಟದ ಹಿಂದಿನ ನನ್ನನ್ನು ನೋಡಿದರು.

"ಇದು ಮೆಷಿನ್ ಹೇಳಿದ್ದಲ್ಲ!"

"ದನಿ ಅದೇ ಅಲ್ವಾ ಭಟ್ರೇ?"

"ಮೆಷಿನ್ ಹೇಳದ್ದು ಮಾಡ್ಲಿಕ್ಕಿಲ್ಲ ಅಂತ ಧಣಿಗಳದ್ದೇ ಅಪ್ಪಣೆ ಉಂಟು."

"ಅಪ್ಪಣೆ ಇರಲಿ. ಹ್ಞಾಂ ಅಂದಾಯ್ತಲ್ಲ?"

ಭಟ್ಟರು ಗಲ್ಲಾದ ಕಡೆ ಕೈಚಾಚಿದರು. ಮಾಲೀಕರು ಎರಡೂ ಕೈ ಎತ್ತಿಬಿಟ್ಟರು. "ನನ್ನನ್ನು ಕೇಳ್ಬೇಡಿ ಭಟ್ರೇ. ಆ ದಿನ ನೀವು ಹ್ಞಾಂ ಅಂದಾಗಿದೆ ಅಂತ ನನಗೆ ಆ ಉಪ್ಪಿಟ್ಟು ತಿನ್ನಿಸಿದ್ದು ನೆನಪುಂಟಾ?" ಹೋಟೆಲು ಹೋಟೆಲೇ ನಗತೊಡಗಿತು. ಭಟ್ಟರು ಒಂದು ಗಳಿಗೆ ಉರಿದರು, ಆಮೇಲೆ ಎಲೆ ಎಳೆದುಕೊಂಡು ಹಿಟ್ಟಿಗೆ ಕೈ ಹಾಕಿದರು. ತಟ್ಟುವ ಸದ್ದು ಕಿಂಡಿಯಿಂದ ಹೊರಗೆ ಬಂತು. ಅಪ್ಪ ಕತ್ತೆತ್ತಿ ಕೂತರು. ಆ ಸದ್ದನ್ನು ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು.

ಅಂದಿನಿಂದ ಪ್ರತಿ ಬುಧವಾರ ನನ್ನ ಯಂತ್ರಕ್ಕೆ ಮೇಂಟೆನನ್ಸ್ ಬೇಕಾಗುತ್ತಿತ್ತು. ಅದು ಮುಗಿದ ಮೇಲೆ ಅಪ್ಪನ ಎದುರು ಕೂತು ಅವರ ಜೊತೆಯೇ ತಿನ್ನುತ್ತಿದ್ದೆ. ಬಾಸ್‌ಗೆ ಅನುಮಾನ ಬಂದಿರಬೇಕು, ಆದರೆ ಮರಾಠಿ ಯಂತ್ರದ ಸಡಗರದಲ್ಲಿ ಕೇಳಲಿಲ್ಲ. ಭಟ್ಟರು ಎಷ್ಟು ಎಚ್ಚರವಾಗಿದ್ದರೂ ಗದ್ದಲದ ನಡುವೆ ಒಂದು "ಹ್ಞಾಂ" ಜಾರಿಯೇ ಜಾರುತ್ತಿತ್ತು. ಮೂವತ್ತು ವರ್ಷದ ಬಾಯಿ, ಅದಕ್ಕೆ ಬೇಲಿ ಹಾಕುವುದು ಹೇಗೆ?

ಒಂದೂವರೆ ವರ್ಷದ ಮೇಲೆ ದೊಡ್ಡ ಚಿಪ್ಪುಗಳು ಸಲೀಸಾಗಿ ಸಿಗತೊಡಗಿದವು. ಹೊಸ ಬೋರ್ಡು ಮಾಡಿ ಹೋಟೆಲಿಗೆ ಒಯ್ದೆವು. ಜಾಗ ಬೇಕಾದಷ್ಟಿತ್ತು, ಹೊಸ ತಿಂಡಿಗಳ ಹೆಸರನ್ನೆಲ್ಲ ಹಾಕಿದ್ದೆ. ಅಕ್ಕಿ ರೊಟ್ಟಿಯನ್ನೂ ಹಾಕಿದ್ದೆ, ಅದಕ್ಕೊಂದು ಗುಂಡಿಯನ್ನೂ ಇಟ್ಟಿದ್ದೆ. ಭಟ್ಟರು ಹೊರಗೆ ಬಂದು ಹಲಗೆಯನ್ನು ಮೇಲಿಂದ ಕೆಳಗೆ ಓದಿದರು. ಆ ಗುಂಡಿಯ ಹತ್ತಿರ ಬಂದಾಗ ಅವರ ಬೆರಳು ನಿಂತಿತು.

"ಇದನ್ನು ತೆಗೀರಿ."

ನನಗೆ ರೇಗಿತು. "ಈಗ ಜಾಗ ಇದೆ ಭಟ್ರೇ! ಇನ್ನೂ ಏನು ನಿಮ್ಮ ತಕರಾರು?"

"ಜಾಗ ಇರ್ಲಿ. ಇದು ಬಂದ್ರೆ ನೀವು ಬುಧವಾರ ಬರುದಿಲ್ಲ" ಎಂದರು ಭಟ್ಟರು. "ನಿಮ್ಮ ತಂದೆಯವರು ಒಬ್ಬರೇ ಕೂತು ತಿನ್ಬೇಕಾಗ್ತದೆ."